ಆರು ಕುರ್ಚಿ, ಒಂದು ರೆಪೊ ದರ

ಚಿಕ್ಕಮಗಳೂರಿನ ಪದವಿ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ತೈಲ ಬೆಲೆಯ ಆಘಾತವನ್ನು ಹಲಗೆಯ ಮೇಲೆ ಎರಡು ಗೆರೆ ಎಳೆದು ಮುಗಿಸಿಬಿಡಬಹುದು: ಪೂರೈಕೆಯ ಗೆರೆ ಎಡಕ್ಕೆ ಸರಿಯಿತು, ಬೆಲೆ ಏರಿತು, ಉತ್ಪಾದನೆ ಇಳಿಯಿತು. ವಿದ್ಯಾರ್ಥಿಗಳು ಬರೆದುಕೊಂಡು ಪರೀಕ್ಷೆಯಲ್ಲಿ ಚಾಚೂ ತಪ್ಪದೆ ಒಪ್ಪಿಸುತ್ತಾರೆ. ‘ಹಾಗಾದರೆ ಬಡ್ಡಿ ಏರಿಸಬೇಕೋ ಬೇಡವೋ?’ ಎಂದು ಕೇಳಿದರೆ ಮಾತ್ರ ಯಾರೂ ತಲೆ ಎತ್ತುವುದಿಲ್ಲ. ಅದಕ್ಕಾಗಿ ಅಂತಿಮ ವರ್ಷದ ಆರು ಮಂದಿಯನ್ನು ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿಯ ಸದಸ್ಯರಂತೆ ಕೂರಿಸುವ ಪದ್ಧತಿ ಇಟ್ಟುಕೊಂಡಿದ್ದೇನೆ. ಒಬ್ಬೊಬ್ಬರಿಗೂ ಒಂದು ಮತ. ಮತಗಳು ಸಮವಾದರೆ ಗವರ್ನರ್ ಕುರ್ಚಿಯಲ್ಲಿರುವವರಿಗೆ ನಿರ್ಣಾಯಕ ಮತ. ಕಾರಣವನ್ನು ಬರೆದುಕೊಡಲೇಬೇಕು.

ನಾನು ಕೊಡುವ ಪ್ರಕರಣ 2022ರ ಏಪ್ರಿಲ್ 8ರದು. ನಿಯಮ ಒಂದೇ: ಆ ದಿನ ಸಮಿತಿಗೆ ಗೊತ್ತಿದ್ದುದಷ್ಟೇ ಇವರಿಗೂ ಗೊತ್ತಿರಬೇಕು. ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತ್ತು, ಮಾರ್ಚ್‌ನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 120 ಡಾಲರ್ ದಾಟಿ ಬಂದಿತ್ತು. ಆದರೆ ಕೈಯಲ್ಲಿದ್ದ ಚಿಲ್ಲರೆ ಹಣದುಬ್ಬರದ ಅಂಕಿ ಫೆಬ್ರುವರಿಯದು, ಶೇ 6.07. ಮಾರ್ಚ್ ತಿಂಗಳ ಶೇ 6.95 ಪ್ರಕಟವಾದದ್ದು ಸಭೆ ಮುಗಿದ ಮೇಲೆ, ಏಪ್ರಿಲ್ 12ರಂದು. ಪಂಪ್‌ಗಳಲ್ಲಿ ನವೆಂಬರ್‌ನಿಂದ ಕದಲದೆ ನಿಂತಿದ್ದ ಬೆಲೆ ಮಾರ್ಚ್ 22ರಿಂದ ದಿನಕ್ಕೆ 80 ಪೈಸೆಯವರೆಗೆ ಏರುತ್ತಾ ಹದಿನಾರು ದಿನಗಳಲ್ಲಿ ಹತ್ತು ರೂಪಾಯಿ ಮೇಲೆ ಹೋಗಿತ್ತು. ಫೆಬ್ರುವರಿಯ ಅಂಕಿಯಲ್ಲಿ ಅದರ ಸುಳಿವೂ ಇರಲಿಲ್ಲ. ಹಣದುಬ್ಬರದ ಗುರಿ ಶೇ 4, ಎರಡೂ ಬದಿಗೆ ಶೇ 2ರಷ್ಟು ಸಡಿಲ. ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಅಂದರೆ ರೆಪೊ ದರ, 2020ರ ಮೇ ತಿಂಗಳಿಂದ ಶೇ 4ರಲ್ಲೇ ನಿಂತಿತ್ತು.

ಮೊದಲ ಸುತ್ತಿನಲ್ಲಿ ಬಹುತೇಕ ಎಲ್ಲರೂ ‘ಏರಿಸಿ’ ಎನ್ನುತ್ತಾರೆ. ಆಗ ಡೀಸೆಲ್ ಲೆಕ್ಕವನ್ನು ಹಲಗೆಯ ಮೇಲೆ ಬರೆಯುತ್ತೇನೆ. ಲೀಟರ್‌ಗೆ 90 ಇದ್ದದ್ದು ಒಂದೇ ತಿಂಗಳಲ್ಲಿ 100 ಆಗಿ ಅಲ್ಲೇ ನಿಂತಿತು ಎನ್ನಿ. ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ ಹನ್ನೆರಡು ತಿಂಗಳೂ ಏರಿಕೆ ಶೇ 11 ಎಂದೇ ಕಾಣುತ್ತದೆ. ಹದಿಮೂರನೇ ತಿಂಗಳಲ್ಲಿ ಸೊನ್ನೆ. ಬೆಲೆ ಇಳಿದಿರುವುದಿಲ್ಲ, ಏರುವುದನ್ನು ನಿಲ್ಲಿಸಿರುತ್ತದೆ ಅಷ್ಟೆ. ಇಂದು ಏರಿಸಿದ ಬಡ್ಡಿ ಬ್ಯಾಂಕ್ ಸಾಲಗಳಿಗೆ ತಲುಪಿ, ಜನರ ಖರ್ಚು ತಗ್ಗಿ, ಬೆಲೆಯನ್ನು ಮುಟ್ಟಲು ಮೂರು ನಾಲ್ಕು ತ್ರೈಮಾಸಿಕವಾದರೂ ಬೇಕು. ಅಷ್ಟರಲ್ಲಿ ಈ ಏರಿಕೆ ತಾನಾಗಿಯೇ ಲೆಕ್ಕದಿಂದ ಹೊರಬಿದ್ದಿರುತ್ತದೆ. ಉಳಿಯುವುದು ಹೂಡಿಕೆಗೆ ಬಿದ್ದ ಪೆಟ್ಟು ಮಾತ್ರ. ರೆಪೊ ದರ ಏರಿಸಿದರೆ ಒಂದು ಹನಿ ಕಚ್ಚಾ ತೈಲವೂ ಹೆಚ್ಚು ಹುಟ್ಟುವುದಿಲ್ಲ.

ಉತ್ಪಾದನೆಗೆ ಬೀಳುವ ಪೆಟ್ಟನ್ನು ಈ ಊರಿನ ಹುಡುಗರಿಗೆ ವಿವರಿಸಬೇಕಾಗಿಲ್ಲ. ಮೂಡಿಗೆರೆ ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯ ತೋಟದ ವಿಷಯವನ್ನೇ ಕಾರಣದ ಹಾಳೆಯಲ್ಲಿ ಬರೆದಿದ್ದಳು. ಹೂಮಳೆ ಬಾರದಿದ್ದರೆ ಫೆಬ್ರುವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಗೆ ಡೀಸೆಲ್ ಪಂಪ್ ಹಚ್ಚಿ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡಬೇಕು. ಕಾಫಿಯ ಬೆಲೆ ಲಂಡನ್ ಮಾರುಕಟ್ಟೆ ನೋಡಿ ನಿಲ್ಲುತ್ತದೆ, ಡೀಸೆಲ್ ದುಬಾರಿಯಾಯಿತೆಂದು ಬೆಳೆಗಾರ ಅದನ್ನು ಕಾಫಿಗೆ ಸೇರಿಸಿ ವಸೂಲು ಮಾಡಲಾರ. ಅವಳ ಅಪ್ಪ ಎರಡನೇ ಸುತ್ತಿನ ನೀರು ಕೈಬಿಟ್ಟರು. ‘ಸರ್, ಇದರ ಮೇಲೆ ಬೆಳೆಸಾಲದ ಬಡ್ಡಿಯೂ ಏರಿದರೆ ಮೊದಲ ಸುತ್ತೂ ಇಲ್ಲ’ ಎಂಬುದು ಅವಳ ವಾದ. ಅವಳ ಮತ ‘ದರ ಬದಲಿಸಬೇಡಿ’.

ನಿಜವಾದ ಸಮಿತಿಯೂ ಅಂದು ಬದಲಿಸಲಿಲ್ಲ. ಆದರೆ ವರ್ಷದ ಹಣದುಬ್ಬರದ ಅಂದಾಜನ್ನು ಶೇ 4.5ರಿಂದ 5.7ಕ್ಕೆ ಏರಿಸಿ, ಬೆಳವಣಿಗೆಯ ಅಂದಾಜನ್ನು ಶೇ 7.8ರಿಂದ 7.2ಕ್ಕೆ ಇಳಿಸಿತು. ಇಬ್ಬಂದಿ ಎಂದರೆ ಈ ಎರಡು ತಿದ್ದುಪಡಿಗಳೇ. ಅಂದಾಜಿಗೆ ಆಧಾರ ತೈಲ 100 ಡಾಲರ್ ಎಂಬ ಊಹೆ. ಅದು ಶೇ 10ರಷ್ಟು ಏರಿದರೆ ಹಣದುಬ್ಬರ ಸುಮಾರು 0.3 ಅಂಶ ಹೆಚ್ಚುತ್ತದೆ, ಬೆಳವಣಿಗೆ ಸುಮಾರು 0.2 ಅಂಶ ತಗ್ಗುತ್ತದೆ ಎಂಬುದು ರಿಸರ್ವ್ ಬ್ಯಾಂಕಿನದೇ ಲೆಕ್ಕ. ಅಂದರೆ 110 ಡಾಲರ್ ಆದರೆ ಶೇ 6 ಮತ್ತು ಶೇ 7. ಮೇಲಿನ ಗಡಿಯನ್ನು ಮುಟ್ಟಿಯೇ ಬಿಡುತ್ತದೆ.

ಇಲ್ಲಿಂದ ಮುಂದೆ ಕೇಳಬೇಕಾದದ್ದು ತೈಲ ಎಷ್ಟು ಏರಿತೆಂದಲ್ಲ, ಏರಿಕೆ ತೈಲದ ನಂಟೇ ಇಲ್ಲದ ಬೆಲೆಗಳಿಗೂ ಹಬ್ಬಿದೆಯೇ ಎಂದು. ಇದನ್ನು ತಿಳಿಯಲು ವಿದ್ಯಾರ್ಥಿಗಳನ್ನು ಪೇಟೆಗೆ ಕಳುಹಿಸುತ್ತೇನೆ. ಲಾರಿ ಬಾಡಿಗೆ, ಆಟೊ ದರ ಏರಿದ್ದರೆ ಅದು ತೈಲದ ನೇರ ಏಟು. ತರಕಾರಿ ಏರಿದ್ದರೆ ಭಾಗಶಃ ಸಾಗಣೆಯದು. ಕ್ಷೌರದ ಅಂಗಡಿ, ಮನೆಪಾಠದ ಶುಲ್ಕ, ಹೊಲಿಗೆ ಕೂಲಿ ಏರಿದ್ದರೆ? ಕ್ಷೌರಿಕ ಡೀಸೆಲ್ ಸುಡುವುದಿಲ್ಲ. ‘ಎಲ್ಲವೂ ಏರಿದೆ, ಇನ್ನೂ ಏರುತ್ತದೆ’ ಎಂದುಕೊಂಡು ದರಪಟ್ಟಿ ಬದಲಿಸಿರುತ್ತಾನೆ. ಆ ಪಟ್ಟಿ ತೈಲ ಇಳಿದ ಮೇಲೂ ಇಳಿಯುವುದಿಲ್ಲ. ಕೇಂದ್ರೀಯ ಬ್ಯಾಂಕಿನ ಕೆಲಸ ಶುರುವಾಗುವುದು ಅಲ್ಲಿ.

ದೇಶದ ಮಟ್ಟದಲ್ಲಿ ಇದನ್ನೇ ಅಳೆಯಲು ಆಹಾರ ಮತ್ತು ಇಂಧನ ಬಿಟ್ಟ ‘ಮೂಲ ಹಣದುಬ್ಬರ’ ನೋಡುತ್ತಾರೆ. ಇದರಲ್ಲೊಂದು ಬಲೆಯಿದೆ, ನುರಿತವರೂ ಬೀಳುತ್ತಾರೆ. 2012ರ ಆಧಾರವರ್ಷದ ಸೂಚ್ಯಂಕದಲ್ಲಿ ‘ಇಂಧನ ಮತ್ತು ಬೆಳಕು’ ಎಂದರೆ ಅಡುಗೆ ಅನಿಲ, ಸೌದೆ, ಸೀಮೆಎಣ್ಣೆ, ವಿದ್ಯುತ್ ಮುಂತಾದವು. ವಾಹನದ ಪೆಟ್ರೋಲ್, ಡೀಸೆಲ್ ಇರುವುದು ‘ಸಾರಿಗೆ ಮತ್ತು ಸಂಪರ್ಕ’ದಲ್ಲಿ. ಹಾಗಾಗಿ ಇಂಧನ ಬಿಟ್ಟೆವೆಂದು ತೋರಿಸುವ ಮೂಲ ಹಣದುಬ್ಬರದೊಳಗೆ ಪೆಟ್ರೋಲ್ ಬಂಕ್ ಕುಳಿತಿರುತ್ತದೆ. ಅದನ್ನೂ ತೆಗೆದು ಲೆಕ್ಕ ಹಾಕದೆ ‘ಏರಿಕೆ ಹಬ್ಬಿತು’ ಎಂದು ಬರೆದವರ ಹಾಳೆಯನ್ನು ನಾನು ವಾಪಸು ಕೊಡುತ್ತೇನೆ.

ಎರಡನೇ ಸಭೆ ಮೇ 4ರದು. ಈಗ ಮಾರ್ಚ್‌ನ ಅಂಕಿ ಕೈಯಲ್ಲಿದೆ. ರೆಪೊ ಶೇ 4, ಹಣದುಬ್ಬರ ಶೇ 7ರ ಹತ್ತಿರ. ಅಂದರೆ ರೆಪೊ ದರದಲ್ಲಿ ಹಣದುಬ್ಬರ ಕಳೆದು ಉಳಿಯುವ ನಿಜಬಡ್ಡಿ ಸೊನ್ನೆಗಿಂತ ಮೂರು ಅಂಶ ಕೆಳಗೆ. ಇಲ್ಲಿ ದರ ಏರಿಸುವುದು ಬ್ರೇಕ್ ಒತ್ತುವುದಲ್ಲ, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯುವುದು. ಇನ್ನೊಂದು ಕಾರಣ ರೂಪಾಯಿ. ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚನ್ನು ಡಾಲರ್ ಕೊಟ್ಟು ತರುವ ದೇಶ ನಮ್ಮದು. ಅಮೆರಿಕ ಬಡ್ಡಿ ಏರಿಸುತ್ತಿರುವಾಗ ನಾವು ಸುಮ್ಮನಿದ್ದು ರೂಪಾಯಿ ಕುಸಿದರೆ ಅದೇ ಬ್ಯಾರೆಲ್ ಇನ್ನಷ್ಟು ದುಬಾರಿ. ಅಂದು ನಿಜವಾದ ಸಮಿತಿ ನಿಗದಿಯಲ್ಲದ ಸಭೆ ಸೇರಿ, ಆರಕ್ಕೆ ಆರು ಮತಗಳಿಂದ ರೆಪೊ ದರವನ್ನು ಶೇ 4.40ಕ್ಕೆ ಏರಿಸಿತು. ನನ್ನ ತರಗತಿಯಲ್ಲಿ ಅಷ್ಟು ಒಮ್ಮತ ಬಂದದ್ದಿಲ್ಲ. ಮೂಡಿಗೆರೆಯ ಹುಡುಗಿ ಮತ ಬದಲಿಸಲೂ ಇಲ್ಲ.

ಅವಳ ವಾದಕ್ಕೆ ಬಲ ಕೊಡುವ ಸಂಗತಿಯನ್ನೂ ಮುಂದಿಡಬೇಕು. ಜೂನ್‌ನಲ್ಲಿ ತೈಲದ ಊಹೆಯನ್ನು 105 ಡಾಲರ್‌ಗೆ ಏರಿಸಿದಾಗ ಹಣದುಬ್ಬರದ ಅಂದಾಜು ಶೇ 6.7ಕ್ಕೆ ಹಾರಿತು. ಹಿಂದಿನ ಲೆಕ್ಕದಂತೆ ಐದು ಡಾಲರ್‌ಗೆ ಏರಬೇಕಾದದ್ದು 0.15 ಅಂಶ, ಏರಿದ್ದು ಒಂದು ಅಂಶ. ಆ ಏರಿಕೆಯ ಮುಕ್ಕಾಲು ಪಾಲು ಆಹಾರದಿಂದ ಎಂದು ರಿಸರ್ವ್ ಬ್ಯಾಂಕ್ ಹೇಳಿತು. ಗೋಧಿಗೂ ಅಡುಗೆ ಎಣ್ಣೆಗೂ ರೆಪೊ ದರ ಏನು ಮಾಡೀತು? ಇಂಥ ಕಡೆ ಸರ್ಕಾರದ ಕೈ ಉದ್ದ. ಮೇ 21ರಂದು ಅಬಕಾರಿ ಸುಂಕವನ್ನು ಪೆಟ್ರೋಲ್‌ಗೆ 8, ಡೀಸೆಲ್‌ಗೆ 6 ರೂಪಾಯಿ ಕಡಿತಗೊಳಿಸಿದಾಗ ಬೆಲೆಯೂ ಇಳಿಯಿತು, ಉತ್ಪಾದನೆಯ ವೆಚ್ಚವೂ ಇಳಿಯಿತು. ಬಡ್ಡಿಯಿಂದ ಎರಡೂ ಒಟ್ಟಿಗೆ ಆಗುವುದಿಲ್ಲ. ಬೊಕ್ಕಸಕ್ಕೆ ಬಿದ್ದ ಹೊರೆ ಬೇರೆ ಲೆಕ್ಕ.

ಕೊನೆಯ ತರಗತಿಗೆ 2008ರ ಯುರೋಪ್ ಇಟ್ಟುಕೊಳ್ಳುತ್ತೇನೆ. ತೈಲ 147 ಡಾಲರ್ ಕಡೆಗೆ ಏರುತ್ತಿದ್ದಾಗ, ಜುಲೈ ಆರಂಭದಲ್ಲಿ ಯುರೋಪಿಯನ್ ಕೇಂದ್ರೀಯ ಬ್ಯಾಂಕ್ ದರವನ್ನು ಶೇ 4.25ಕ್ಕೆ ಏರಿಸಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು, ಅಕ್ಟೋಬರ್‌ನಲ್ಲಿ ದರ ಇಳಿಸಬೇಕಾಯಿತು, ವರ್ಷದ ಕೊನೆಗೆ ತೈಲ ಸುಮಾರು 40 ಡಾಲರ್. ಮೇ 4ರ ಸಭೆಯಲ್ಲಿ ‘ಏರಿಸಿ’ ಎಂದವರು ಇದನ್ನು ಓದಿದ ಮೇಲೆ ತಮ್ಮ ಹಾಳೆಯ ಕೆಳಗೆ ಇನ್ನೊಂದು ಸಾಲು ಸೇರಿಸಬೇಕು: ಮುಂದಿನ ಸಭೆಗೆ ಯಾವ ಅಂಕಿ ಎಷ್ಟಾದರೆ ತಮ್ಮ ಮತ ಬದಲಾಗುತ್ತದೆ ಎಂದು. ಅಂಕ ಕೊಡುವುದು ಆ ಸಾಲಿಗೆ.