ಮಾತ್ರೆ ಡಬ್ಬಿಗೆ ಒಂದೇ ಎಲ್‌ಇಡಿ, ಆ್ಯಪ್ ಇಲ್ಲ, ಅಲಾರಂ ಇಲ್ಲ – ನನ್ನ ಅನುಭವ

ನಮ್ಮ ಗುಂಪಲ್ಲಿ ಇದನ್ನ ಮೊದಲು ಹೇಳ್ದಾಗ ಯಾರೂ ಒಪ್ಪಿರ್ಲಿಲ್ಲ. "ಡಿಸ್‌ಪ್ಲೇ ಇಲ್ಲ, ವೈಫೈ ಇಲ್ಲ, ಕೂಗೋದೂ ಇಲ್ಲ, ಇದನ್ನ ಯಾರು ಬಳಸ್ತಾರೆ ಮಾರಾಯ" ಅಂದ್ರು. ಈಗ ಆರು ಜನರ ಮನೇಲಿ ಓಡ್ತಾ ಇದೆ, ಅದ್ರಲ್ಲಿ ನಾಲ್ಕು ಜನ ಟೆಸ್ಟ್ ಮುಗಿದ್ಮೇಲೂ ವಾಪಸ್ ಕೊಟ್ಟಿಲ್ಲ, ಹಾಗಾಗಿ ಬರೀತಾ ಇದೀನಿ.

ಶುರುವಲ್ಲಿ ನಾನೂ ಎಲ್ಲರ ಹಾಗೇ ಮಾಡಿದ್ದೆ. ಟೈಮ್ ಇಡೋಕೆ ಡಿಎಸ್3231 ಆರ್‌ಟಿಸಿ, ಬಜರ್, ಸಣ್ಣ ಓಎಲ್‌ಇಡಿ, ಟೈಮ್ ಸೆಟ್ ಮಾಡೋಕೆ ಮೂರು ಬಟನ್. ನೋಡೋಕೆ ಚೆನ್ನಾಗೇ ಇತ್ತು. ಅದಕ್ಕೆ ಅಂತ ಪಿಸಿಬಿನೂ ಮಾಡಿಸ್ಬಿಟ್ಟೆ, ಹತ್ತು ಬೋರ್ಡ್, ಒಬ್ಬರ ಕೈಗೂ ಕೊಟ್ಟು ನೋಡೋಕೆ ಮುಂಚೆ. ಈ ಇಡೀ ಪ್ರಾಜೆಕ್ಟಿಗೆ ಆದ ಖರ್ಚಲ್ಲಿ ಹೆಚ್ಚುಕಮ್ಮಿ ಅರ್ಧ ಆ ಒಂದು ಆರ್ಡರ್‌ಗೇ ಹೋಯ್ತು, ಅದ್ರಲ್ಲಿ ಎಂಟು ಬೋರ್ಡ್ ಇವತ್ತೂ ಡ್ರಾಯರಲ್ಲೇ ಇವೆ.

ಮೊದಲ ಸೆಟ್ ಕೊಟ್ಟಿದ್ದು ದೊಡ್ಡಮ್ಮಂಗೆ. ನಾಲ್ಕು ದಿನ ಬಿಟ್ಟು ಕೇಳಿದ್ರೆ, "ಕೂಗತ್ತೆ ಕಣೋ, ಆಫ್ ಮಾಡ್ತೀನಿ, ಆಮೇಲೆ ತಗೊಳ್ಳೋಣ ಅಂತ ಬೇರೆ ಕೆಲಸಕ್ಕೆ ಹೋಗ್ತೀನಿ. ಅದಾದ್ಮೇಲೆ ತಗೊಂಡ್ನೋ ಇಲ್ವೋ ಅನ್ನೋದೇ ನೆನಪಿರಲ್ಲ. ಅದನ್ನ ಹೇಳತ್ತಾ ನಿನ್ನ ಡಬ್ಬಿ?" ಅಂದ್ರು. ಹೇಳ್ತಿರ್ಲಿಲ್ಲ. ಮಾತ್ರೆ ಟೈಮ್ ಅವರಿಗೆ ಚೆನ್ನಾಗಿ ಗೊತ್ತು, ಎಷ್ಟೋ ವರ್ಷದ ಅಭ್ಯಾಸ. ಗೊತ್ತಾಗದೇ ಇರೋದು "ಇವತ್ತಿಂದು ನುಂಗಿ ಆಯ್ತಾ" ಅನ್ನೋದು. ಆ ಒಂದು ಮಾತಿಂದ ಆರ್‌ಟಿಸಿ, ಓಎಲ್‌ಇಡಿ, ಬಜರ್, ಮೂರು ಬಟನ್ ಎಲ್ಲಾ ಎದ್ದು ಹೋಯ್ತು.

ಈಗ ಇರೋದು ಇಷ್ಟೇ. ಎಟಿಟೈನಿ85 ಚಿಪ್, ಒಂದು ಸಿಆರ್2032 ಸೆಲ್, ಮುಚ್ಚಳಕ್ಕೆ ಪುಟ್ಟ ಮ್ಯಾಗ್ನೆಟ್, ಒಳಗೆ ರೀಡ್ ಸ್ವಿಚ್, ಹೊರಗಡೆ ಒಂದು ಬಟನ್, ಒಂದು ಎಲ್‌ಇಡಿ. ಬಟನ್ ಒತ್ತಿದ್ರೆ, ಕಳೆದ 8 ಗಂಟೆ ಒಳಗೆ ಮಾತ್ರೆ ತೆಗೆದಿದ್ರೆ ಎಲ್‌ಇಡಿ ಎರಡು ಸೆಕೆಂಡ್ ನಿಂತು ಉರಿಯತ್ತೆ. ಇಲ್ಲಾಂದ್ರೆ ಎರಡು ಸಲ ಪಟಪಟ ಮಿನುಗತ್ತೆ. ದಿನಕ್ಕೆ ಎರಡು ಸಲ ತಗೊಳ್ಳೋರಿಗೆ 8 ಗಂಟೆ ಸರಿಹೋಗತ್ತೆ, ಮೂರು ಸಲದವರಿಗೆ 4 ಇಟ್ಟಿದೀನಿ. ಟೈಮ್ ಲೆಕ್ಕ ಪೂರ್ತಿ ಚಿಪ್ ಒಳಗಿನ ಟೈಮರ್ ಆದ ವಾಚ್‌ಡಾಗ್ ಮೇಲೇ. ಅದು ಶೇಕಡ 10ರಷ್ಟು ಆಚೀಚೆ ಆಗತ್ತೆ ಅಂತ ಎಲ್ಲರೂ ಹೆದರಿಸಿದ್ರು. ಅಲಾರಂ ಆಗಿದ್ರೆ ಅದು ದಿನಕ್ಕೆ ಎರಡು ಗಂಟೆ ಮೇಲೆ ತಪ್ಪು, ಮಾರನೇ ದಿನಕ್ಕೆ ಇನ್ನೂ ಎರಡು ಸೇರ್ಕೊಳ್ಳತ್ತೆ, ಪೂರ್ತಿ ವೇಸ್ಟ್. ಇಲ್ಲಿ ಪ್ರತಿ ಸಲ ಮುಚ್ಚಳ ತೆಗೆದಾಗ ಲೆಕ್ಕ ಹೊಸದಾಗಿ ಶುರುವಾಗೋದ್ರಿಂದ 8 ಗಂಟೆ ಹೋಗಿ ಏಳೂಕಾಲೋ ಎಂಟೂಮುಕ್ಕಾಲೋ ಆಗತ್ತೆ ಅಷ್ಟೇ. ಆರು ಜನರಲ್ಲಿ ಒಬ್ಬರಿಗೂ ಅದು ಗೊತ್ತಾಗಿಲ್ಲ.

ಎಲ್‌ಇಡಿ ಮೊದಲು ಎರಡಿತ್ತು, ಕೆಂಪು ಹಸಿರು. ಕೆಂಪು ಬಂದ್ರೆ ಡಬ್ಬಿ ಕೆಟ್ಟೋಗಿದೆ ಅಂತ ಇಬ್ಬರು ಫೋನ್ ಮಾಡಿದ್ರು, ಇನ್ನೊಬ್ಬರಿಗೆ ಆ ಎರಡು ಬಣ್ಣದ ವ್ಯತ್ಯಾಸವೇ ಕಾಣ್ತಿರ್ಲಿಲ್ಲ. ಅದಕ್ಕೇ ಒಂದೇ ಎಲ್‌ಇಡಿ, ಅದೂ ಹಳೇ ಕಾಲದ ಹಳದಿ-ಹಸಿರು ಟೈಪು, 2 ವೋಲ್ಟ್ ಚಿಲ್ಲರೆಗೇ ಉರಿಯತ್ತೆ. ಹೊಸ ಪ್ರಖರ ಹಸಿರಿನದು 3 ವೋಲ್ಟ್ ಹತ್ರ ಕೇಳತ್ತೆ, ಸೆಲ್ ಸ್ವಲ್ಪ ಇಳಿದ್ರೂ ಮಂಕಾಗತ್ತೆ.

ಈಗ ಬ್ಯಾಟರಿ ಕಥೆ, ನಾನು ಜಾಸ್ತಿ ಒದ್ದಾಡಿದ್ದು ಇಲ್ಲೇ. ಎಡಿಸಿ ಆಫ್, ಬಿಓಡಿ ಆಫ್, ಪವರ್ ಡೌನ್ ಸ್ಲೀಪ್, ಎಲ್ಲಾ ಮಾಡಿದ್ದೆ, ನನ್ನ ಲೆಕ್ಕದಲ್ಲಿ ಸೆಲ್ ಮೂರು ವರ್ಷ ಬರ್ಬೇಕಿತ್ತು. ಎರಡೂವರೆ ತಿಂಗಳಿಗೆ ಸತ್ತೋಯ್ತು. ಸೆಲ್ ಕಳಪೆ ಅನ್ಕೊಂಡು ಬೇರೆ ತಂದೆ, ಅದೂ ಅಷ್ಟೇ. ಮಲ್ಟಿಮೀಟರ್ ಮೈಕ್ರೋಆ್ಯಂಪ್ ರೇಂಜಲ್ಲಿ ಹಾಕಿದ್ರೆ ಚಿಪ್ ಎದ್ದಾಗೆಲ್ಲ ವೋಲ್ಟೇಜ್ ಬಿದ್ದು ರೀಸೆಟ್ ಆಗ್ತಿತ್ತು, ಓದೋಕೇ ಆಗ್ಲಿಲ್ಲ. ಆಮೇಲೆ ಕೆಪಾಸಿಟರ್ ದಾರಿ ಹಿಡಿದೆ. 1000 ಮೈಕ್ರೋಫ್ಯಾರಡ್ ಕೆಪಾಸಿಟರನ್ನ ಸೆಲ್ ಜೊತೆ ಸಮಾನಾಂತರ ಹಾಕಿ ಐದು ನಿಮಿಷ ಬಿಟ್ಟು, ಸೆಲ್ ಕಿತ್ತು, 3 ವೋಲ್ಟಿಂದ 2.5ಕ್ಕೆ ಇಳಿಯೋಕೆ ಎಷ್ಟು ಸೆಕೆಂಡ್ ಅಂತ ನೋಡೋದು. I = C × ΔV / Δt, ಅಷ್ಟೇ. ನನಗೆ ಬರೀ 6 ಸೆಕೆಂಡ್ ಬಂತು, ಅಂದ್ರೆ ಸುಮಾರು 83 ಮೈಕ್ರೋಆ್ಯಂಪ್. ನಾನು ಅನ್ಕೊಂಡಿದ್ದು ಆರೋ ಏಳೋ. (ಮೊದಲು ಕೆಪಾಸಿಟರ್ ಮತ್ತೆ ಮೀಟರ್ ಎರಡನ್ನೇ ಇಟ್ಟು ಒಂದ್ಸಲ ನೋಡ್ಕೊಳ್ಳಿ. ಕೆಪಾಸಿಟರ್ ತಾನೇ ಸೋರತ್ತೆ, ಮೀಟರೂ ಒಂಚೂರು ಎಳ್ಕೊಳ್ಳತ್ತೆ.)

ಕಳ್ಳ ಸಿಕ್ಕಿದ್ದು ರೀಡ್ ಸ್ವಿಚ್ ಹತ್ರ. ಮುಚ್ಚಳ ಮುಚ್ಚಿದ್ದಾಗ ಮ್ಯಾಗ್ನೆಟ್ ಹತ್ರ ಇರತ್ತೆ, ಸ್ವಿಚ್ ಕೂಡಿರತ್ತೆ, ಚಿಪ್ ಒಳಗಿನ ಪುಲ್ಅಪ್ ರೆಸಿಸ್ಟರಿಂದ ಕರೆಂಟ್ ಅದರ ಮೂಲಕ ನೇರ ಗ್ರೌಂಡಿಗೆ ಹರೀತಾ ಇರತ್ತೆ. ಪುಲ್ಅಪ್ 20ರಿಂದ 50 ಕಿಲೋಓಮ್, ಮಧ್ಯ 35 ಅಂತ ಹಿಡಿದ್ರೂ 3 ವೋಲ್ಟಿಗೆ 85 ಮೈಕ್ರೋಆ್ಯಂಪ್. ಡಬ್ಬಿ ದಿನಕ್ಕೆ ಒಂದು ನಿಮಿಷ ತೆರೆದಿರತ್ತೆ, ಮಿಕ್ಕಿದ್ದೆಲ್ಲ ಮುಚ್ಚೇ ಇರತ್ತೆ, ನಾನು ಟೇಬಲ್ ಮೇಲೆ ಟೆಸ್ಟ್ ಮಾಡಿದ್ದು ಮಾತ್ರ ಮುಚ್ಚಳ ಇಲ್ದೆ! ಈಗ ಸೆಕೆಂಡಿಗೊಂದ್ಸಲ ಎದ್ದು, ಪುಲ್ಅಪ್ ಹಾಕಿ, ಓದಿ, ಪಿನ್ನನ್ನ ಲೋಗೆ ಇಳಿಸಿ ಮಲಗತ್ತೆ:

```c
bool lidOpen() {
  pinMode(LID, INPUT_PULLUP);
  delayMicroseconds(50);
  bool o = digitalRead(LID);
  digitalWrite(LID, LOW);
  pinMode(LID, OUTPUT);
  return o;
}
```

ಸ್ವಿಚ್ಚಿನ ಇನ್ನೊಂದು ತುದಿ ಗ್ರೌಂಡಲ್ಲೇ ಇರೋದ್ರಿಂದ ಲೋ ಔಟ್‌ಪುಟ್ಟಿಂದ ಏನೂ ಹರಿಯಲ್ಲ. ಕೆಪಾಸಿಟರ್ ಟೆಸ್ಟ್ ಮತ್ತೆ ಮಾಡ್ದೆ, ಅದೇ ಅರ್ಧ ವೋಲ್ಟ್ ಇಳಿಯೋಕೆ 75 ಸೆಕೆಂಡ್ ತಗೊಂತು. ಒಂದು ಪೈಸೆ ಪಾರ್ಟ್ ಸೇರಿಸ್ಲಿಲ್ಲ. ಈ ವಿಷಯದಲ್ಲಿ ನನಗೆ ನಿಜವಾಗ್ಲೂ ಹೆಮ್ಮೆ ಇದೆ.

ಇನ್ನು ಜನರ ಜೊತೆ ಟೆಸ್ಟ್. ಮೊದಲೇ ಹೇಳ್ತೀನಿ, ವಿಟಮಿನ್, ಕ್ಯಾಲ್ಸಿಯಂ ತರದ್ದು ತಗೊಳ್ಳೋರನ್ನೇ ಆರಿಸಿದ್ದು. ಒಂದ್ಸಲ ತಪ್ಪಿದ್ರೆ ಅಥವಾ ಎರಡ್ಸಲ ನುಂಗಿದ್ರೆ ಅಪಾಯ ಆಗೋ ಮಾತ್ರೆ, ರಕ್ತ ತೆಳು ಮಾಡೋದು, ಸಕ್ಕರೆ ಕಾಯಿಲೇದು, ಇವನ್ನ ಇಂಥ ಡಬ್ಬಿಗೆ ಹಾಕ್ಬೇಡಿ. ಮುಚ್ಚಳ ತೆಗೆದ್ರು ಅಂದ್ರೆ ಮಾತ್ರೆ ನುಂಗಿದ್ರು ಅಂತ ಅಲ್ಲ, ಆ ಮಿತಿ ಯಾವತ್ತೂ ಇರತ್ತೆ. ಸೆಲ್ ಬದಲಾಯಿಸಿದ್ಮೇಲೆ ಮೊದಲ ಸಲ ಮುಚ್ಚಳ ತೆಗೆಯೋವರೆಗೂ ಎಲ್‌ಇಡಿ ಎರಡು ತರಾನೂ ತೋರಿಸಲ್ಲ, ಗೊತ್ತಿಲ್ಲ ಅನ್ನೋಕೆ ಸುಮ್ನಿರತ್ತೆ.

"ಹೇಗಿದೆ" ಅಂತ ಕೇಳಿದ್ರೆ ಎಲ್ಲರೂ "ಚೆನ್ನಾಗಿದೆಯಪ್ಪ" ಅಂತಾರೆ, ಅದ್ರಿಂದ ಏನೂ ಸಿಗಲ್ಲ. ಅದಕ್ಕೇ ಚಿಪ್ ಒಳಗಿನ ಇಇಪ್ರಾಮ್‌ನಲ್ಲಿ ಪ್ರತಿ ಸಲ ತೆಗೆದಿದ್ದನ್ನ ಎರಡು ಬೈಟಲ್ಲಿ ಬರೆದಿಡ್ತೀನಿ, ಒಂದು ಹಿಂದಿನದಕ್ಕೂ ಇದಕ್ಕೂ ಎಷ್ಟು ಗಂಟೆ, ಇನ್ನೊಂದು ಎಷ್ಟು ಸೆಕೆಂಡ್ ತೆರೆದಿತ್ತು. 512 ಬೈಟಲ್ಲಿ 256 ಸಲ ಹಿಡಿಯತ್ತೆ, ದಿನಕ್ಕೆ ಆರು ಸಲ ಅಂದ್ರೂ 40 ದಿನ. ಚಿಪ್ ಸಾಕೆಟ್ಟಲ್ಲಿ ಇರೋದ್ರಿಂದ ಕಿತ್ಕೊಂಡು ಬಂದು ಓದೋದು:

```
avrdude -c usbasp -p t85 -U eeprom:r:log.bin:r
```

ಒಂದ್ಸಲ ಓದೋಕೆ ಮುಂಚೆ ಹೊಸ ಕೋಡ್ ಹಾಕ್ಬಿಟ್ಟೆ. EESAVE ಫ್ಯೂಸ್ ಹಾಕಿರ್ಲಿಲ್ಲ, ಚಿಪ್ ಇರೇಸ್ ಜೊತೆ ಇಇಪ್ರಾಮೂ ಅಳಿಸೋಯ್ತು, ಇಬ್ಬರ ಹತ್ತು ಹನ್ನೊಂದು ದಿನದ ಲಾಗ್ ಹಾಳು. ಅವರ ಹತ್ರ ಮತ್ತೆ ಶುರುವಿಂದ ಮಾಡೋಣ ಅಂತ ಕೇಳೋಕೆ ಬಹಳ ಸಂಕೋಚ ಆಯ್ತು.

ಲಾಗ್ ನೋಡಿದ್ಮೇಲೆ ದೊಡ್ಡ ತಪ್ಪು ಕಾಣಿಸ್ತು. ದಿನಕ್ಕೆ ಎರಡು ಸಲ ಮಾತ್ರೆ ತಗೊಳ್ಳೋ ಒಬ್ಬರ ಡಬ್ಬಿ ದಿನಕ್ಕೆ ಐದಾರು ಸಲ ತೆರೀತಾ ಇತ್ತು. ತಗೊಂಡ್ನೋ ಇಲ್ವೋ ಅನ್ನೋ ಅನುಮಾನಕ್ಕೆ ತೆಗೆದು ಇಣುಕಿ ನೋಡ್ತಿದ್ರು, ಇಣುಕಿದ ತಕ್ಷಣ ನನ್ನ ಡಬ್ಬಿ "ಆಯ್ತು, ತಗೊಂಡ್ರು" ಅಂತ ಲೆಕ್ಕ ಹಾಕ್ತಿತ್ತು. ಅಂದ್ರೆ ಯಾರಿಗೆ ಅನುಮಾನ ಜಾಸ್ತಿಯೋ ಅವರಿಗೇ ತಪ್ಪು ಉತ್ತರ. ಸೆಕೆಂಡುಗಳನ್ನ ಕಾಗದದ ಮೇಲೆ ಚುಕ್ಕಿ ಹಾಕ್ತಾ ಹೋದೆ, ಎರಡು ಗುಡ್ಡೆ ಬಂತು. ಒಂದು 1ರಿಂದ 3 ಸೆಕೆಂಡಿನದು, ಇನ್ನೊಂದು 6ರಿಂದ 20ರದ್ದು, ನಡುವೆ ಬಹಳ ಕಮ್ಮಿ. ಗೋಡೆಗೆ ಅಂಟಿಸಿದ್ದ ಹಾಳೇಲಿ ಅವರು ನುಂಗಿದಾಗೆಲ್ಲ ಪೆನ್ಸಿಲ್ ಗೆರೆ ಹಾಕ್ತಿದ್ರು, ಅದನ್ನ ಪಕ್ಕದಲ್ಲಿಟ್ಟು ನೋಡಿದ್ರೆ ಎರಡನೇ ಗುಡ್ಡೆಗೂ ಗೆರೆಗೂ ಹೆಚ್ಚುಕಮ್ಮಿ ತಾಳೆ ಆಗ್ತಿತ್ತು. 4 ಸೆಕೆಂಡಿಗಿಂತ ಕಮ್ಮಿ ತೆರೆದ್ರೆ ಲೆಕ್ಕಕ್ಕಿಲ್ಲ ಅಂತ ಹಾಕ್ದೆ.

ಒಬ್ಬರಿಗೆ ಮಾತ್ರ ಅದು ಕೆಲಸ ಮಾಡ್ಲಿಲ್ಲ. ನಮ್ಮ ಮೇಷ್ಟ್ರು ಡಬ್ಬೀಲಿ ಇಡೀ ಸ್ಟ್ರಿಪ್ ಇಡ್ತಾರೆ. ತೆಗೆದು, ಸ್ಟ್ರಿಪ್ ಎತ್ಕೊಂಡು, ಮುಚ್ತಾರೆ, 2 ಸೆಕೆಂಡ್. ನುಂಗಿ, ನೀರು ಕುಡಿದು, ಮತ್ತೆ ತೆಗೆದು ಸ್ಟ್ರಿಪ್ ಒಳಗಿಟ್ಟು ಮುಚ್ತಾರೆ, ಇನ್ನೊಂದು 2 ಸೆಕೆಂಡ್. ಲಾಗಲ್ಲಿ ಎರಡೂ ಇಣುಕಿದ ಹಾಗೇ ಕಾಣತ್ತೆ. ಅವರ ಮನೇಲಿ ಅರ್ಧ ಗಂಟೆ ಕೂತು ಕಣ್ಣಾರೆ ನೋಡಿರ್ಲಿಲ್ಲ ಅಂದ್ರೆ ಇದು ನನಗೆ ಯಾವತ್ತೂ ಹೊಳೀತಿರ್ಲಿಲ್ಲ. ಐದು ನಿಮಿಷದ ಒಳಗೆ ಎರಡು ಚಿಕ್ಕ ತೆರೆಯೋದು ಬಂದ್ರೆ ತಗೊಂಡ ಹಾಗೆ ಅಂತ ಸೇರಿಸಿದೆ. ಇದಲ್ದೆ ಮ್ಯಾಗ್ನೆಟ್ ಇಡೋ ಜಾಗದಲ್ಲಿ ಇನ್ನೊಂದು ಉಪಾಯ ಮಾಡಿದೀನಿ, ಇಣುಕೋದು ಮತ್ತೆ ಪೂರ್ತಿ ತೆಗೆಯೋದು ಬೇರೆ ಬೇರೆ ಅಂತ ಸ್ವಿಚ್ಚಿಗೇ ಗೊತ್ತಾಗೋ ತರ, ಅದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಬಟನ್ ಬಂದಿದ್ದೂ ಈ ಲಾಗಿಂದಲೇ, ಮೊದಲು ಎಲ್‌ಇಡಿ ಮುಚ್ಚಳದ ಒಳಗಿತ್ತು. ಹೊರಗಡೆ ಬಟನ್ ಕೊಟ್ಮೇಲೆ ಇಣುಕೋದು ದಿನಕ್ಕೆ ನಾಲ್ಕರಿಂದ ಒಂದಕ್ಕೂ ಕೆಳಗೆ ಬಂತು.

ಮಧ್ಯದಲ್ಲಿ ಬಜರ್ ಮೇಲೂ ಎರಡು ವಾರ ಕಳೆದೆ, ಅಲಾರಂ ಬೇಕೇ ಬೇಕು ಅಂತ ಒಬ್ಬರು ಹಠ ಹಿಡಿದಿದ್ರು. ಸಣ್ಣ ಪೀಜೋ ಬಜರ್ 2ರಿಂದ 4 ಕಿಲೋಹರ್ಟ್ಸಲ್ಲಿ ಕೀಂ ಅನ್ನತ್ತೆ, ವಯಸ್ಸಾದವರಿಗೆ ಮೊದಲು ಕೇಳದೇ ಹೋಗೋದು ಆ ಮೇಲಿನ ಸ್ವರಗಳೇ. ನಮಗೆ ಕಿವಿ ಕೊರೆಯತ್ತೆ, ಅವರು ಪಕ್ಕದಲ್ಲೇ ಕೂತಿದ್ರೂ ತಿರುಗಿ ನೋಡಲ್ಲ. 520 ಹರ್ಟ್ಸ್ ಚೌಕ ತರಂಗವನ್ನ ಸಣ್ಣ ಸ್ಪೀಕರಿಗೆ ಕೊಟ್ಟೆ, ಮಲಗೋ ಕೋಣೆಗೆ ಅಂತ ಮಾಡೋ ಕೆಲವು ಹೊಗೆ ಅಲಾರಂಗಳಲ್ಲಿ ಬಳಸೋದು ಅದನ್ನೇ, ಅವರು ಪಕ್ಕದ ರೂಮಿಂದ ಎದ್ದು ಬಂದ್ರು. ಆದ್ರೆ ಆ ಸ್ಪೀಕರಿಗೆ ಕಾಯಿನ್ ಸೆಲ್ ಸಾಕಾಗಲ್ಲ, ಎಎ ಸೆಲ್ ಎರಡು ಬೇಕು, ಡಬ್ಬಿ ದಪ್ಪ ಆಗತ್ತೆ. ಅಲಾರಂ ಅಂದ್ಮೇಲೆ ಆರ್‌ಟಿಸಿನೂ ವಾಪಸ್ ಬರತ್ತೆ. ಅದನ್ನ ಬೇರೆ ಗ್ಯಾಡ್ಜೆಟ್ ಅಂತಾನೇ ಮಾಡ್ಬೇಕು, ಇದಕ್ಕೆ ಸೇರಿಸಲ್ಲ.

ದುಡ್ಡಿನ ಲೆಕ್ಕ ಹೇಳ್ಬೇಕಂದ್ರೆ, ಈಗಿನ ಒಂದು ಡಬ್ಬಿ ಖರ್ಚು ಮೊದಲನೇದರ ಐದನೇ ಒಂದು ಭಾಗ ಇರಬಹುದು, ಅದ್ರಲ್ಲೂ ಚಿಪ್ಪಿಂದೇ ದೊಡ್ಡ ಪಾಲು. ಪಿಸಿಬಿ ಇನ್ನೂ ಮಾಡಿಸಿಲ್ಲ, ಚುಕ್ಕಿ ಬೋರ್ಡ್ ಮೇಲೇ ಬೆಸುಗೆ. ಆರು ಜನರ ಬಳಿ ಆರು ತಿಂಗಳು ಒಂದೇ ಕೋಡ್ ಬದಲಾಗದೇ ಓಡಿದ ಮೇಲೆ ನೋಡೋಣ ಅಂತಿದೀನಿ. ದೊಡ್ಡಮ್ಮನ ಡಬ್ಬೀಲಿ ಪುಲ್ಅಪ್ ಸರಿ ಮಾಡಿದಾಗ ಹಾಕಿದ ಸೆಲ್ಲೇ ಇದೆ, ಹದಿನಾಲ್ಕು ತಿಂಗಳಾಯ್ತು. ಹೋದ ವಾರ ಅವರ ತಂಗಿಗೂ ಒಂದು ಬೇಕು ಅಂದ್ರು, ಪಾರ್ಟ್ಸ್ ದುಡ್ಡು ಕೈಗೇ ಕೊಟ್ರು, ಇವತ್ತು ರಾತ್ರಿ ಅದರ ಬೆಸುಗೆ ಮುಗಿಸ್ಬೇಕು.