ತಿರುಮಲದ 300 ರೂಪಾಯಿ ಟಿಕೆಟ್: ಹತ್ತು ಗಂಟೆಗೆ ಮುಂಚೆ ಮಾಡಿಕೊಳ್ಳಬೇಕಾದ ಕೆಲಸ

ತಿರುಮಲದಲ್ಲಿ ಮಾಮೂಲಿ ದಿನಗಳಲ್ಲೇ ಅರವತ್ತು ಎಪ್ಪತ್ತು ಸಾವಿರ ಜನ ಸ್ವಾಮಿಯ ದರ್ಶನ ಮಾಡುತ್ತಾರೆ. ಎಲ್ಲರೂ ಹೋಗಬೇಕಾದದ್ದು ಒಂದೇ ಬಾಗಿಲಿನ ಮುಂದೆ. ಹಾಗಾಗಿ ದೇವಸ್ಥಾನದವರು ದಿನದ ಸಮಯವನ್ನು ಪಾಲು ಮಾಡಿಟ್ಟಿದ್ದಾರೆ. ಉಚಿತ ಸರ್ವದರ್ಶನಕ್ಕೆ ಇಷ್ಟು, ಸೇವೆಗಳಿಗೆ ಇಷ್ಟು, 300 ರೂಪಾಯಿಯ ವಿಶೇಷ ಪ್ರವೇಶ ದರ್ಶನಕ್ಕೆ ಇಷ್ಟು ಅಂತ. ಕರ್ನಾಟಕದಿಂದ ಹೋಗುವ ಸಂಸಾರಗಳಿಗೆ ಹೆಚ್ಚು ಅನುಕೂಲವಾಗುವುದು ಈ 300 ರೂಪಾಯಿ ಟಿಕೆಟ್. ಯಾವ ದಿನ, ಎಷ್ಟು ಗಂಟೆಗೆ ಅಂತ ಮೊದಲೇ ಗೊತ್ತಿರುತ್ತದೆ. ಅದಕ್ಕೆ ತಕ್ಕ ಹಾಗೆ ರೈಲು, ಬಸ್ಸು, ರಜೆ ಎಲ್ಲ ಹೊಂದಿಸಿಕೊಳ್ಳಬಹುದು.

ಟಿಕೆಟ್ ಸಿಗದವರು ಇಂಟರ್ನೆಟ್ ನಿಧಾನವಿತ್ತು ಅಂತ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ, ಜಾಸ್ತಿ ಜನ ತಪ್ಪುವುದು ಮನೆಯವರ ವಿವರ ತುಂಬುವ ಜಾಗದಲ್ಲಿ. ಅದಕ್ಕೇ ಈ ಲೇಖನದಲ್ಲಿ ಆ ಭಾಗವನ್ನೇ ಸ್ವಲ್ಪ ದೊಡ್ಡದಾಗಿ ಬರೆದಿದ್ದೇನೆ.

ಮೂರು ತಿಂಗಳು ಮುಂಚಿನ ತಾರೀಖು

ಟಿಕೆಟ್ ಬಿಡುಗಡೆಯಾಗುವುದು ತಿಂಗಳ ಲೆಕ್ಕದಲ್ಲಿ, ಸುಮಾರು ಮೂರು ತಿಂಗಳು ಮುಂಚೆ. ಜುಲೈನಲ್ಲಿ ಹೋಗಬೇಕೆಂದರೆ ಏಪ್ರಿಲ್‌ನಲ್ಲಿ ಕೂರಬೇಕು. 300 ರೂಪಾಯಿ ಟಿಕೆಟ್ ಸಾಮಾನ್ಯವಾಗಿ 24ನೇ ತಾರೀಖು ಬೆಳಿಗ್ಗೆ 10 ಗಂಟೆಗೆ ತೆರೆಯುತ್ತದೆ. ಬೆಟ್ಟದ ಮೇಲಿನ ರೂಮು ಅದೇ ದಿನ ಮಧ್ಯಾಹ್ನ 3ಕ್ಕೆ. 65 ದಾಟಿದ ಹಿರಿಯರ ಉಚಿತ ದರ್ಶನದ ಕೋಟಾ ಹಿಂದಿನ ದಿನ, 23ರಂದು ಮಧ್ಯಾಹ್ನ 3ಕ್ಕೆ. ಕೆಲವು ತಿಂಗಳು ಈ ತಾರೀಖು ಒಂದೆರಡು ದಿನ ಅತ್ತಿತ್ತ ಆಗುವುದುಂಟು. ಆದ್ದರಿಂದ 15ನೇ ತಾರೀಖಿನ ಹೊತ್ತಿಗೆ ಒಮ್ಮೆ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ.

ವಿಳಾಸ ಇದೊಂದೇ: ttdevasthanams.ap.gov.in. ಮೊಬೈಲ್‌ನಲ್ಲಾದರೆ TTDevasthanams ಆ್ಯಪ್. ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದನ್ನು ಒತ್ತಬೇಡಿ. ಗೋಪುರದ ಚಿತ್ರ ಹಾಕಿಕೊಂಡು ಇದೇ ಥರ ಕಾಣುವ ನಕಲಿ ಸೈಟುಗಳಿವೆ, ಅಲ್ಲಿ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ವಿಳಾಸದ ಕೊನೆಯಲ್ಲಿ ap.gov.in ಇದೆಯಾ ಅಂತ ಕಣ್ಣಾರೆ ನೋಡಿಕೊಂಡೇ ಮುಂದೆ ಹೋಗಿ.

ಮೊದಲು ಒಂದು ಹಾಳೆ ಬರೆಯಿರಿ

ಟಿಕೆಟ್ ತೆರೆಯುವ ಹಿಂದಿನ ದಿನ ಮನೆಯವರೆಲ್ಲರ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲಿಡಿ. ಕಾರ್ಡಿನಲ್ಲಿರುವ ಹಾಗೇ ಹೆಸರು, ವಯಸ್ಸು, ಗಂಡೋ ಹೆಣ್ಣೋ, 12 ಅಂಕಿಯ ನಂಬರ್ ಇವಿಷ್ಟನ್ನು ಒಬ್ಬೊಬ್ಬರಿಗೆ ಒಂದೊಂದು ಸಾಲಿನಂತೆ ಬರೆದುಕೊಳ್ಳಿ. ಮನೆಯಲ್ಲಿ ಕರೆಯುವ ಹೆಸರು ಬೇಡ. ಇನಿಷಿಯಲ್ ಆಧಾರ್‌ನಲ್ಲಿ ಹಿಂದೆ ಇದ್ದರೆ ಹಿಂದೆಯೇ ಬರೆಯಿರಿ, ಮುಂದಿದ್ದರೆ ಮುಂದೆಯೇ. ಬೆಟ್ಟದ ಮೇಲೆ ಕ್ಯೂನಲ್ಲಿ ನೋಡುವವರ ಮುಂದೆ ಇರುವುದು ಎರಡೇ: ನಿಮ್ಮ ಟಿಕೆಟ್, ನಿಮ್ಮ ಕಾರ್ಡು. ಎರಡೂ ತಾಳೆಯಾಗಬೇಕು.

ನಮ್ಮ ಮನೆಯದೇ ಲೆಕ್ಕ ಹೇಳುತ್ತೇನೆ. ಐದು ಜನ. ನಾನು, ಯಜಮಾನರು, 67 ವರ್ಷದ ಅತ್ತೆ, 16ರ ಮಗಳು, 11ರ ಮಗ. 12 ವರ್ಷದೊಳಗಿನ ಮಕ್ಕಳಿಗೆ ಈ ದರ್ಶನಕ್ಕೆ ಟಿಕೆಟ್ ಬೇಡ. ಹಾಗಾಗಿ ನಾಲ್ಕು ಟಿಕೆಟ್ ಸಾಕು ಅಂತ ನಾನು ಮೊದಲು ಬರೆದುಕೊಂಡಿದ್ದೆ. ಮಗನ ಹುಟ್ಟಿದ ತಾರೀಖು ನೋಡಿದ ಮೇಲೆ ತಪ್ಪು ಗೊತ್ತಾಯಿತು. ಬುಕ್ ಮಾಡುವುದು ಏಪ್ರಿಲ್‌ನಲ್ಲಿ, ಹೋಗುವುದು ಜುಲೈನಲ್ಲಿ. ಅವನಿಗೆ ಜೂನ್‌ನಲ್ಲೇ 12 ತುಂಬುತ್ತದೆ. ಬಾಗಿಲ ಬಳಿ ನಿಂತಾಗ ಅವನು 12 ತುಂಬಿದ ಹುಡುಗ, ಕೈಯಲ್ಲಿ ಟಿಕೆಟ್ ಇಲ್ಲ. ಆದ್ದರಿಂದ ಐದು ಟಿಕೆಟ್, 1500 ರೂಪಾಯಿ. ಮೂರು ತಿಂಗಳ ಅಂತರ ಇರುವುದರಿಂದ ಎಲ್ಲರ ವಯಸ್ಸನ್ನೂ ಹೋಗುವ ದಿನಕ್ಕೆ ಲೆಕ್ಕ ಹಾಕಿ ನೋಡಿ. ನಿಜವಾಗಿಯೂ 12ರೊಳಗಿನ ಮಗುವಿದ್ದರೆ ಅದರ ಆಧಾರ್ ಕೂಡ ಜೊತೆಗಿರಲಿ. ಎತ್ತರದ ಮಕ್ಕಳಿದ್ದರೆ ವಯಸ್ಸು ಕೇಳಿಯೇ ಕೇಳುತ್ತಾರೆ.

ಅತ್ತೆಯ ವಿಷಯದಲ್ಲಿ ಇನ್ನೊಂದು ಯೋಚನೆ ಬಂತು. ಅವರಿಗೆ ಹಿರಿಯರ ಉಚಿತ ದರ್ಶನ ಮಾಡಿಸಬಹುದಿತ್ತು. ಆದರೆ ಅದರ ಸಮಯ ಬೇರೆ, ಸಾಲು ಬೇರೆ. ಗುರುತಿಲ್ಲದ ಊರಿನಲ್ಲಿ ಅವರನ್ನು ಒಂಟಿಯಾಗಿ ಕಳಿಸಲು ನಮಗೆ ಮನಸ್ಸಾಗಲಿಲ್ಲ. ಎರಡು ಮೂರು ಗಂಟೆ ನಿಂತು, ಕೂತು ಕಾಯುವ ಶಕ್ತಿ ಇರುವವರಾದರೆ ಮನೆಯವರ ಜೊತೆಗೇ 300ರ ಟಿಕೆಟ್ ತೆಗೆಸುವುದು ವಾಸಿ. ಮಂಡಿ ನೋವಿದ್ದು ನಿಲ್ಲಲಾಗದವರಿಗೆ ಹಿರಿಯರ ಸಾಲೇ ಸರಿ.

ಈಗ ನಂಬರ್ ವಿಷಯ. ಆಧಾರ್‌ನ ಕೊನೆಯ ಅಂಕಿ ಉಳಿದ 11 ಅಂಕಿಗಳಿಂದ ಲೆಕ್ಕ ಹಾಕಿ ಬರುವಂಥದ್ದು. ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಆ ಲೆಕ್ಕ ಕೂಡುವುದಿಲ್ಲ. ಅಂಥ ತಪ್ಪನ್ನು ಕಂಪ್ಯೂಟರ್ ಹಿಡಿಯಬಲ್ಲದು. ಅದರ ಕಣ್ಣಿಗೆ ಬೀಳದ ತಪ್ಪು ಬೇರೆಯದು. ಒಂದು ಸಲ ನಾನು ಅವಸರದಲ್ಲಿ ಅತ್ತೆಯ ಹೆಸರಿನ ಮುಂದೆ ಮಗಳ ನಂಬರ್, ಮಗಳ ಹೆಸರಿನ ಮುಂದೆ ಅತ್ತೆಯ ನಂಬರ್ ಹಾಕಿಬಿಟ್ಟಿದ್ದೆ. ಎರಡೂ ಸರಿಯಾದ ನಂಬರ್‌ಗಳೇ, ಆದರೆ ಆಸಾಮಿಗಳು ಅದಲುಬದಲು. ದುಡ್ಡು ಕಟ್ಟುವ ಮುಂಚಿನ ಪುಟದಲ್ಲಿ ಯಜಮಾನರು ಗಟ್ಟಿಯಾಗಿ ಓದಿದ್ದರಿಂದ ಉಳಿದುಕೊಂಡೆವು. ಅದಾದ ಮೇಲೆ ಕೊನೆಯ ನಾಲ್ಕು ಅಂಕಿಯನ್ನು ಹೆಸರಿನ ಜೊತೆ ಒಬ್ಬರು ಓದುವುದು, ಇನ್ನೊಬ್ಬರು ಕಾರ್ಡು ನೋಡಿ ಹೂಂ ಅನ್ನುವುದು ನಮ್ಮ ಮನೆಯ ಪದ್ಧತಿಯಾಗಿದೆ. ಅರ್ಧ ನಿಮಿಷವೂ ಬೇಡ.

ಇಷ್ಟು ಎಚ್ಚರ ಯಾಕೆ ಅಂದರೆ, ಈ ಟಿಕೆಟ್ ಒಮ್ಮೆ ಆದರೆ ಆಯಿತು. ಹೆಸರು ಬದಲಿಸಲಾಗುವುದಿಲ್ಲ, ತಾರೀಖು ಮುಂದಕ್ಕೆ ಹಾಕಲಾಗುವುದಿಲ್ಲ, ರದ್ದು ಮಾಡಿ ದುಡ್ಡು ವಾಪಸ್ ಪಡೆಯಲೂ ಆಗುವುದಿಲ್ಲ. ಬರಲಾಗದ ಭಾವನ ಟಿಕೆಟ್‌ನಲ್ಲಿ ಮೈದುನ ಹೋಗುವಂತಿಲ್ಲ. ದಳ್ಳಾಳಿಗಳು ಮಾರುವ ಟಿಕೆಟ್ ಕೊಳ್ಳಬೇಡಿ ಅನ್ನುವುದಕ್ಕೂ ಇದೇ ಕಾರಣ. ಇನ್ನೊಬ್ಬರ ಹೆಸರು, ನಂಬರ್ ಇರುವ ಟಿಕೆಟ್ ನಿಮ್ಮನ್ನು ಒಳಗೆ ಬಿಡಿಸುವುದಿಲ್ಲ.

ಹತ್ತು ಗಂಟೆಗೆ

ಒಂಬತ್ತೂವರೆಗೆ ಕೂತುಕೊಳ್ಳಿ. ಮೊಬೈಲ್ ನಂಬರ್ ಕೊಟ್ಟು, ಬರುವ ಒಟಿಪಿ ಹಾಕಿ ಲಾಗಿನ್ ಆಗಿ. ಒಟಿಪಿ ಬರುವ ಫೋನು ಮನೆಯಲ್ಲೇ ಇರಬೇಕು ಅನ್ನುವುದು ಚಿಕ್ಕ ಮಾತು, ಆದರೆ ಫೋನು ಯಜಮಾನರ ಜೇಬಿನಲ್ಲಿ ಆಫೀಸಿಗೆ ಹೋಗಿರುತ್ತದೆ. ಹತ್ತಕ್ಕೆ ಸೈಟ್ ನಿಮ್ಮನ್ನು ಕಾಯುವ ಸಾಲಿನಲ್ಲಿ ಕೂರಿಸಬಹುದು. ಆಗ ಪುಟವನ್ನು ರಿಫ್ರೆಶ್ ಮಾಡಬೇಡಿ. ಮಾಡಿದರೆ ಸಾಲಿನ ಕೊನೆಗೆ ಹೋಗುವ ಅಪಾಯವಿದೆ.

ಒಳಗೆ ಹೋದ ಮೇಲೆ ಎಷ್ಟು ಜನ ಅಂತ ಆರಿಸಿದರೆ ಕ್ಯಾಲೆಂಡರ್ ಬರುತ್ತದೆ. ಹಸಿರು ದಿನಗಳಲ್ಲಿ ಟಿಕೆಟ್ ಇದೆ, ಕೆಂಪು ದಿನಗಳಲ್ಲಿ ಮುಗಿದಿದೆ. ಶನಿವಾರ, ಭಾನುವಾರ ಮೊದಲು ಕೆಂಪಾಗುತ್ತವೆ. ಮಂಗಳವಾರ, ಬುಧವಾರದ ಟಿಕೆಟ್ ಸ್ವಲ್ಪ ಹೊತ್ತು ನಿಲ್ಲುತ್ತವೆ. ಹಾಳೆಯಲ್ಲಿ ಮೂರು ತಾರೀಖು ಬರೆದಿಟ್ಟುಕೊಂಡಿದ್ದರೆ ಅಲ್ಲೇ ಕೂತು ಚರ್ಚೆ ಮಾಡುವುದು ತಪ್ಪುತ್ತದೆ. ತಾರೀಖು, ಸಮಯ ಆರಿಸಿ, ಹಾಳೆ ನೋಡಿಕೊಂಡು ವಿವರ ತುಂಬಿ. ಒಬ್ಬೊಬ್ಬರಿಗೆ ಒಂದು ಲಡ್ಡು ಟಿಕೆಟ್ ಜೊತೆಗೇ ಉಚಿತ. ಹೆಚ್ಚಿಗೆ ಬೇಕಾದರೆ ಒಂದಕ್ಕೆ 50 ರೂಪಾಯಿ.

ದುಡ್ಡು ಕಟ್ಟುವಾಗ ಒಂದು ತೊಂದರೆ ಆಗಾಗ ಬರುತ್ತದೆ. ಬ್ಯಾಂಕಿನಿಂದ ದುಡ್ಡು ಹೋಗಿರುತ್ತದೆ, ಟಿಕೆಟ್ ಬಂದಿರುವುದಿಲ್ಲ. ಕೂಡಲೇ ಎರಡನೇ ಸಲ ಕಟ್ಟಬೇಡಿ. ಮೊದಲು ನಿಮ್ಮ ಲಾಗಿನ್‌ನಲ್ಲಿ ಬುಕಿಂಗ್ ಪಟ್ಟಿ ತೆರೆದು ನೋಡಿ. ಟಿಕೆಟ್ ಅಲ್ಲಿ ಬಂದು ಕೂತಿರಬಹುದು. ಇಲ್ಲದಿದ್ದರೆ ಮತ್ತೆ ಪ್ರಯತ್ನಿಸಿ. ಟಿಕೆಟ್ ಆಗದ ದುಡ್ಡು ಅದೇ ಖಾತೆಗೆ ಹಿಂದಿರುಗುತ್ತದೆ. ಬ್ಯಾಂಕಿನ ಮೆಸೇಜು, ವ್ಯವಹಾರದ ನಂಬರ್ ಎರಡನ್ನೂ ಅಳಿಸದೆ ಇಟ್ಟುಕೊಳ್ಳಿ.

ಸೇವೆಗೆ ದಾರಿ ಬೇರೆ

ಸುಪ್ರಭಾತ, ತೋಮಾಲ, ಅರ್ಚನೆ, ಅಷ್ಟದಳ ಪಾದಪದ್ಮಾರಾಧನೆ ಈ ನಾಲ್ಕೂ ಲಕ್ಕಿ ಡಿಪ್‌ನಲ್ಲಿ ಸಿಗುತ್ತವೆ. ಇಲ್ಲಿ ಬೆರಳಿನ ವೇಗ ಲೆಕ್ಕಕ್ಕಿಲ್ಲ. 18ರ ಸುಮಾರಿಗೆ ಶುರುವಾಗಿ ಎರಡು ದಿನ ಹೆಸರು ನೋಂದಾಯಿಸಬಹುದು, ಅದಕ್ಕೆ ದುಡ್ಡಿಲ್ಲ. ಆಯ್ಕೆಯಾದವರಿಗೆ ಮೆಸೇಜು ಬರುತ್ತದೆ. ಅಲ್ಲಿಂದ ಸುಮಾರು ಎರಡು ದಿನದಲ್ಲಿ, ಹೇಳಿದ ದಿನ ಮಧ್ಯಾಹ್ನ 12ರೊಳಗೆ ದುಡ್ಡು ಕಟ್ಟಬೇಕು. ಸುಪ್ರಭಾತಕ್ಕೆ 120 ರೂಪಾಯಿ, ತೋಮಾಲ ಮತ್ತು ಅರ್ಚನೆಗೆ 220. ಮೆಸೇಜು ನೋಡದೆ ಗಡುವು ತಪ್ಪಿಸಿಕೊಂಡರೆ ಬಂದ ಅದೃಷ್ಟ ಕೈಬಿಟ್ಟುಹೋಗುತ್ತದೆ. ಹಾಗಾಗಿ ಮೆಸೇಜಿಗೆ ಕಾಯದೆ ನೀವೇ ಲಾಗಿನ್ ಆಗಿ ಫಲಿತಾಂಶ ನೋಡಿ. ಸುಪ್ರಭಾತವನ್ನೇ ಕೇಳಬೇಕೆಂಬ ಆಸೆ ಇರುವವರು ಧನುರ್ಮಾಸ ಬಿಟ್ಟು ಬೇರೆ ತಿಂಗಳು ಆರಿಸಿ. ಆ ತಿಂಗಳು ಸುಪ್ರಭಾತದ ಜಾಗದಲ್ಲಿ ತಿರುಪ್ಪಾವೈ ನಡೆಯುತ್ತದೆ. ಕಲ್ಯಾಣೋತ್ಸವಕ್ಕೆ ಲಾಟರಿ ಇಲ್ಲ, ಮೊದಲು ಬಂದವರಿಗೆ ಮೊದಲು. 1000 ರೂಪಾಯಿಗೆ ಇಬ್ಬರು.

ಹೋಗುವ ದಿನ

ಟಿಕೆಟ್ ಪ್ರಿಂಟ್ ತೆಗೆದುಕೊಳ್ಳಿ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯ ಅಸಲನ್ನೇ ಒಯ್ಯಿರಿ. ಆಧಾರ್ ಕೊಟ್ಟು ಬುಕ್ ಮಾಡಿ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ನಂಬರ್ ತಾಳೆಯಾಗುವುದಿಲ್ಲ, ಅಲ್ವಾ? ಗಂಡಸರಿಗೆ ಪಂಚೆ, ಹೆಂಗಸರಿಗೆ ಸೀರೆ ಅಥವಾ ದುಪಟ್ಟಾ ಇರುವ ಚೂಡಿದಾರ. ಸ್ವಂತ ಕಾರಿನಲ್ಲಿ ಹೋಗುವವರಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ಕಡ್ಡಾಯ. ಬೆಟ್ಟದ ಬುಡದಲ್ಲಿರುವ ಅಲಿಪಿರಿಯ ತಪಾಸಣೆಯಲ್ಲಿ ವಾಹನಗಳ ಸಾಲು ಉದ್ದ ಇರುತ್ತದೆ, ಆಮೇಲೆ ಘಾಟಿ ಹತ್ತಬೇಕು, ಮೊಬೈಲ್ ಕೌಂಟರಿನಲ್ಲಿ ಕೊಡಬೇಕು. ಟಿಕೆಟ್‌ನಲ್ಲಿರುವ ಸಮಯಕ್ಕೆ ನಾಲ್ಕು ಗಂಟೆ ಮುಂಚೆ ಅಲಿಪಿರಿಯಲ್ಲಿದ್ದರೆ ಗಾಬರಿ ಇರುವುದಿಲ್ಲ. ಆದರೆ ಕ್ಯೂ ಬಾಗಿಲಿಗೆ ಮಾತ್ರ ನಿಮ್ಮ ಸಮಯಕ್ಕೇ ಹೋಗಿ.

ಟಿಕೆಟ್ ಸಿಗದಿದ್ದರೆ

ತಿರುಪತಿಯಲ್ಲೇ ಸರ್ವದರ್ಶನದ ಉಚಿತ ಟೋಕನ್ ಕೊಡುತ್ತಾರೆ. ರೈಲ್ವೆ ಸ್ಟೇಷನ್ ಎದುರಿನ ವಿಷ್ಣು ನಿವಾಸ, ಬಸ್ ಸ್ಟ್ಯಾಂಡ್ ಎದುರಿನ ಶ್ರೀನಿವಾಸಂ, ಅಲಿಪಿರಿಯ ಭೂದೇವಿ ಕಾಂಪ್ಲೆಕ್ಸ್ ಇವೇ ಜಾಗಗಳು. ಪ್ರತಿಯೊಬ್ಬರೂ ತಮ್ಮ ಆಧಾರ್ ಹಿಡಿದು ತಾವೇ ನಿಲ್ಲಬೇಕು, ಒಬ್ಬರು ಹೋಗಿ ಮನೆಮಂದಿಗೆಲ್ಲ ತರಲಾಗುವುದಿಲ್ಲ. ದಿನದ ಕೋಟಾ ಮುಗಿದರೆ ಕೌಂಟರ್ ಮುಚ್ಚುತ್ತಾರೆ. ವೈಕುಂಠ ಏಕಾದಶಿಯ ಹೊತ್ತಿನಲ್ಲಿ ಮಾತ್ರ ಈ ದಾರಿಯನ್ನು ನೆಚ್ಚಿಕೊಂಡು ಮಕ್ಕಳು, ವಯಸ್ಸಾದವರೊಡನೆ ಹೊರಡಬೇಡಿ. 2025ರ ಜನವರಿ 8ರಂದು ಆ ಟೋಕನ್ನಿಗಾಗಿ ಸೇರಿದ ಜನರ ನೂಕುನುಗ್ಗಲಿನಲ್ಲಿ ಆರು ಜನ ತೀರಿಕೊಂಡರು. ಟೋಕನ್ ಕೂಡ ಇಲ್ಲದೆ ಬೆಟ್ಟ ಹತ್ತಿದರೆ ವೈಕುಂಠಂ ಕ್ಯೂ ಕಾಂಪ್ಲೆಕ್ಸಿನಲ್ಲಿ ಕಾಯಬೇಕು. ರಜೆ ದಿನಗಳಲ್ಲಿ ಅದು ಹದಿನೈದು ಇಪ್ಪತ್ತು ಗಂಟೆಗೂ ಹೋಗುತ್ತದೆ, ಆದ್ದರಿಂದ ವಾಪಸ್ ಬರುವ ರೈಲನ್ನು ಮರುದಿನ ರಾತ್ರಿಗೆ ಇಟ್ಟುಕೊಳ್ಳಿ.