ಡಾಲರ್ ಬಿಲ್ಲು, ರೂಪಾಯಿ ಪುಸ್ತಕ: ರಫ್ತು ಲೆಕ್ಕದಲ್ಲಿ ನನ್ನ ಅನುಭವ

ಚಿಕ್ಕಮಗಳೂರಿನ ಕಾಫಿ ರಫ್ತುದಾರರೊಬ್ಬರ ಲೆಕ್ಕ ನಾನು ಬರೆಯುತ್ತೇನೆ. ಮುಂಗಡ ಬಂದ ಆರ್ಡರ್ ಮಾರ್ಚ್ 31ನ್ನು ದಾಟಿದಾಗಲೇ ವಿನಿಮಯ ದರದ ಕೆಲಸ ನಿಜವಾಗಿ ಶುರುವಾಗುವುದು. ಅಂಥ ಒಂದು ಬಿಲ್ಲನ್ನು ದರಗಳನ್ನು ದುಂಡಗೆ ಮಾಡಿ ಇಲ್ಲಿ ಕೊಡುತ್ತೇನೆ.

ಒಟ್ಟು ಬಿಲ್ಲು 50,000 ಡಾಲರ್. ಜನವರಿಯಲ್ಲಿ 10,000 ಡಾಲರ್ ಮುಂಗಡ ಬಂತು, ಆ ದಿನದ ದರ 82.50. ಫೆಬ್ರವರಿಯಲ್ಲಿ ಸರಕು ಹಡಗು ಹತ್ತಿ ಬಿಲ್ ಆಫ್ ಲೇಡಿಂಗ್ ಕೈಗೆ ಬಂದಾಗ ದರ 83. ಇಡೀ 50,000ವನ್ನೂ 83ರಿಂದ ಗುಣಿಸಿ ಮಾರಾಟಕ್ಕೆ ಹಾಕುವವರು ಬಹಳ ಜನ. ನಾನು ಹಾಗೆ ಮಾಡುವುದಿಲ್ಲ. ಮುಂಗಡದ ಭಾಗ ಅದು ಬಂದ ದಿನದ ದರದಲ್ಲೇ ಉಳಿಯಬೇಕು: 8,25,000 ರೂಪಾಯಿ. ಬಾಕಿ 40,000 ಡಾಲರ್‌ಗೆ 33,20,000. ಮಾರಾಟ ಒಟ್ಟು 41,45,000. ಆಮೇಲೆ ದರ ಎಷ್ಟೇ ಏರಿಳಿದರೂ ಈ ಮೊತ್ತವನ್ನು ಮುಟ್ಟುವುದಿಲ್ಲ.

ಮಾರ್ಚ್ 31ರ ದರ 83.40. ಗ್ರಾಹಕರಿಂದ ಬರಬೇಕಾದ ಬಾಕಿ ಈಗ 33,36,000 ಆಗುತ್ತದೆ. ಹೆಚ್ಚಾದ 16,000 ರೂಪಾಯಿ ಆ ವರ್ಷದ ವಿನಿಮಯ ಲಾಭ, ಹಣ ಇನ್ನೂ ಬಂದಿಲ್ಲದಿದ್ದರೂ ಲಾಭ-ನಷ್ಟದ ಪಟ್ಟಿಗೇ ಹೋಗಬೇಕು. ಆ ದಿನಕ್ಕೆ ಸರಕು ಕಳಿಸದೆ ಉಳಿದ ಬೇರೆ ಮುಂಗಡಗಳಿದ್ದರೆ ಅವಕ್ಕೆ ಈ ದರ ಹಚ್ಚುವುದಿಲ್ಲ. ಅವುಗಳಿಗೆ ನಾವು ಕೊಡಬೇಕಾದದ್ದು ಕಾಫಿ, ಡಾಲರ್ ಅಲ್ಲ. ಆರ್ಡರ್ ರದ್ದಾಗಿ ಹಣ ವಾಪಸ್ ಕೊಡುವುದೆಂದು ಆದರೆ ಮಾತ್ರ ಅದು ಡಾಲರ್ ಸಾಲವಾಗುತ್ತದೆ, ಆಗ ವರ್ಷಾಂತ್ಯದ ದರ ಅನ್ವಯಿಸುತ್ತದೆ.

ಏಪ್ರಿಲ್‌ನಲ್ಲಿ ಹಣ ಬಂತು, ಬ್ಯಾಂಕ್ ಕೊಟ್ಟ ದರ 83.10. ಖಾತೆಗೆ ಜಮೆಯಾದದ್ದು ಮಾತ್ರ 39,975 ಡಾಲರ್‌ನ ರೂಪಾಯಿ, ಅಂದರೆ 33,21,922.50. ದಾರಿಯಲ್ಲಿ ವಿದೇಶಿ ಬ್ಯಾಂಕ್ 25 ಡಾಲರ್ ಕಮಿಷನ್ ಹಿಡಿದುಕೊಂಡಿತ್ತು. 33,36,000ದಿಂದ ಇದನ್ನು ಕಳೆದು ಬಂದ 14,077.50 ಪೂರ್ತಿ ವಿನಿಮಯ ನಷ್ಟವೆಂದು ಬರೆದರೆ ತಪ್ಪು. ದರ ಇಳಿದದ್ದರಿಂದ ಆದ ನಷ್ಟ 12,000, ಉಳಿದ 2,077.50 ಬ್ಯಾಂಕ್ ಖರ್ಚು. ಎರಡನ್ನೂ ಬೆರೆಸಿದರೆ, ದರದಿಂದ ಎಷ್ಟು ಹೋಯಿತು, ಬ್ಯಾಂಕಿಗೆ ಎಷ್ಟು ಹೋಯಿತು ಎಂಬುದು ಮಾಲೀಕರಿಗೆ ಗೊತ್ತೇ ಆಗುವುದಿಲ್ಲ. ಮುಂದಿನ ಬಿಲ್ಲಿನಲ್ಲಿ ಕಮಿಷನ್ ಯಾರು ಭರಿಸಬೇಕೆಂದು ಗ್ರಾಹಕರೊಂದಿಗೆ ಮಾತಾಡಲು ಅವರಿಗೆ ಈ ಲೆಕ್ಕ ಬೇಕು.

ರಫ್ತಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ಲಿನಲ್ಲಿರುವುದು ಕಸ್ಟಮ್ಸ್ ಪ್ರಕಟಿಸಿದ ದರ. ಜಿಎಸ್‌ಟಿ ರಿಟರ್ನ್‌ನಲ್ಲಿ ಸರಕಿನ ಮೌಲ್ಯವೂ ಅದೇ ದರದಲ್ಲಿ ಹೋಗುತ್ತದೆ, ಹಾಗಾಗಿ ಪುಸ್ತಕದ ಮಾರಾಟಕ್ಕೂ ಅದಕ್ಕೂ ವ್ಯತ್ಯಾಸ ಬರುವುದು ಸಹಜ. ಪುಸ್ತಕವನ್ನು ತಿದ್ದದೆ, ಬಿಲ್ಲುವಾರು ಹೊಂದಾಣಿಕೆ ಪಟ್ಟಿ ಮಾಡಿಡುತ್ತೇನೆ.

ವರ್ಷಾಂತ್ಯಕ್ಕೆ ನನ್ನದೊಂದು ಪರೀಕ್ಷೆ ಇದೆ. ಬಾಕಿ ಇರುವ ಪ್ರತಿ ಗ್ರಾಹಕರ ರೂಪಾಯಿ ಮೊತ್ತವನ್ನು ಡಾಲರ್ ಮೊತ್ತದಿಂದ ಭಾಗಿಸಿದರೆ 83.40 ಬರಲೇಬೇಕು. ಡಾಲರ್ ಬಾಕಿ ಸೊನ್ನೆಯಾಗಿದ್ದೂ ರೂಪಾಯಿ ಉಳಿದಿದ್ದರೆ, ಯಾವುದೋ ವಿನಿಮಯ ವ್ಯತ್ಯಾಸವನ್ನು ಬರೆದಿಲ್ಲ ಎಂದರ್ಥ.